ಹಳೆ ಗೋಡೆಯ ಬಿರುಕು ಓದುವುದು ಹೇಗೆ: ಹುಬ್ಬಳ್ಳಿಯ ಒಂದು ಮನೆ, ಮೂರು ಬಿರುಕು

ಗೋಡೆ ಬಿರುಕಿನ ಫೋಟೋ ಕಳಿಸಿ "ಇದು ಡೇಂಜರಾ?" ಎಂದು ಕೇಳುವವರು ವಾರಕ್ಕೆ ಒಬ್ಬರಾದರೂ ಸಿಗುತ್ತಾರೆ. ಫೋಟೋ ನೋಡಿ ಉತ್ತರ ಹೇಳಲು ಆಗುವುದಿಲ್ಲ. ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಮನೆ ಪಿಲ್ಲರ್ ಮೇಲೆ ನಿಂತಿದೆಯೋ, ಗೋಡೆ ಮೇಲೆ ನಿಂತಿದೆಯೋ? ಅರ್ಧ ಜನಕ್ಕೆ ಇದು ಗೊತ್ತಿರುವುದಿಲ್ಲ. ಗೊತ್ತಿಲ್ಲದೆ ಗೌಂಡಿಯನ್ನು ಕರೆಸಿ ಸಿಮೆಂಟ್ ಮೆತ್ತಿಸುತ್ತಾರೆ, ಮುಂದಿನ ವರ್ಷ ಅದೇ ಜಾಗದಲ್ಲಿ ಅದೇ ಬಿರುಕು ಮತ್ತೆ ಬರುತ್ತದೆ.

ಮೂರು ವರ್ಷಕ್ಕೂ ಜಾಸ್ತಿ ಹುಬ್ಬಳ್ಳಿಯ ಒಂದು ಹಳೆ ಮನೆಯ ಹಿಂದೆ ಬಿದ್ದಿದ್ದೆ. ಒಂದೇ ಮನೆಯಲ್ಲಿ ಮೂರು ಬಿರುಕು, ಮೂರಕ್ಕೂ ಬೇರೆ ಬೇರೆ ಕಾರಣ. ಆ ಮನೆಯನ್ನೇ ಇಟ್ಟುಕೊಂಡು ಬರೆಯುತ್ತೇನೆ.

ಮೊದಲು ಮನೆ ಯಾವ ಜಾತಿ ಎಂದು ನೋಡಿ

ಪಿಲ್ಲರ್ ಮನೆ ಅಂದರೆ ಕಾಲಂ-ಬೀಮ್ ಮನೆ. ಅದರಲ್ಲಿ ಸ್ಲ್ಯಾಬಿನ ಭಾರ ಬೀಮಿಗೆ, ಬೀಮಿನಿಂದ ಕಾಲಮಿಗೆ, ಕಾಲಮಿನಿಂದ ಅದರ ಕೆಳಗಿನ ಫುಟಿಂಗಿಗೆ ಹೋಗುತ್ತದೆ. ನಡುವಿನ ಗೋಡೆ ಪರದೆ ಇದ್ದ ಹಾಗೆ, ತನ್ನ ಭಾರ ತಾನು ಹೊತ್ತರೆ ಸಾಕು. ಲೋಡ್ ಬೇರಿಂಗ್ ಮನೆಯಲ್ಲಿ ಈ ಮೂರೂ ಕೆಲಸ ಗೋಡೆಯದ್ದೇ. ಮಾಳಿಗೆ ಹೊರುವುದೂ ಅದೇ, ಕೋಣೆ ಭಾಗ ಮಾಡುವುದೂ ಅದೇ, ಭಾರವನ್ನು ಉದ್ದಕ್ಕೂ ಹರಡಿ ಪಾಯಕ್ಕೆ ಇಳಿಸುವುದೂ ಅದೇ.

ಗುರುತು ಹಿಡಿಯುವುದು ಕಷ್ಟವಲ್ಲ. ಕಿಟಕಿಯ ಹತ್ತಿರ ನಿಂತು ಗೋಡೆಯ ದಪ್ಪ ಅಳೆಯಿರಿ. ಒಳಗೋಡೆಗಳೂ ಸೇರಿ ಎಲ್ಲ ಗೋಡೆ 9 ಇಂಚು ಅಥವಾ ಜಾಸ್ತಿ ಇದ್ದು, ಮೇಲಿನ ಮಹಡಿಯ ಗೋಡೆ ಸರಿಯಾಗಿ ಕೆಳಗಿನ ಗೋಡೆಯ ಮೇಲೇ ಬಂದಿದ್ದು, ಸೂರಿನಲ್ಲಿ ಎಲ್ಲೂ ಬೀಮ್ ಇಳಿದು ಕಾಣದಿದ್ದರೆ ಅದು ಬಹುತೇಕ ಲೋಡ್ ಬೇರಿಂಗ್. ಒಳಗೋಡೆ ನಾಲ್ಕೂವರೆ ಇಂಚು, ಮೂಲೆಯಲ್ಲಿ ಕಾಲಂ ಉಬ್ಬಿ ಕಾಣುತ್ತದೆ, ಬಾಗಿಲ ಮೇಲೆ ಬೀಮ್ ಗೆರೆ ಇದೆ ಅಂದರೆ ಕಾಲಂ ಮನೆ. ಅನುಮಾನ ಬಂದರೆ ಮೂಲೆಯ ಪ್ಲಾಸ್ಟರ್ ಒಂದು ಅಂಗೈ ಅಗಲ ಕೆತ್ತಿ ನೋಡಿ. ಒಳಗೆ ಇಟ್ಟಿಗೆ ಸಿಕ್ಕರೆ ಒಂದು ಉತ್ತರ, ಕಾಂಕ್ರೀಟ್ ಸಿಕ್ಕರೆ ಇನ್ನೊಂದು. ಎಷ್ಟೋ ಮನೆಗಳು ಅರ್ಧರ್ಧ ಇರುತ್ತವೆ: ಮುಂದೆ ಅಜ್ಜ ಕಟ್ಟಿದ ಗೋಡೆ ಮನೆ, ಹಿಂದೆ ಮಗ ಸೇರಿಸಿದ ಪಿಲ್ಲರ್ ಮನೆ. ಅವು ಜಾಸ್ತಿ ತಲೆನೋವು, ಮುಂದೆ ಹೇಳುತ್ತೇನೆ.

ಇದು ಯಾಕೆ ಮುಖ್ಯ ಅಂದರೆ, ಒಂದೇ ಥರದ ಬಿರುಕಿಗೆ ಎರಡು ಕಡೆ ಎರಡು ಅರ್ಥ. ಕಾಲಂ ಮನೆಯಲ್ಲಿ ಗೋಡೆಗೂ ಕಾಲಮಿಗೂ ನಡುವೆ ನೇರವಾಗಿ ಒಂದು ಗೆರೆ ಬಿಟ್ಟರೆ, ಅಥವಾ ಬೀಮಿನ ಅಡಿಯಲ್ಲಿ ಅಡ್ಡ ಗೆರೆ ಬಂದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಇಟ್ಟಿಗೆ, ಕಾಂಕ್ರೀಟ್ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಹಿಗ್ಗುವುದಿಲ್ಲ. ಸಂದಿನಲ್ಲಿ ಕೋಳಿ ಜಾಲರಿ ಬಡಿಯದೆ ಪ್ಲಾಸ್ಟರ್ ಮಾಡಿದ್ದರೆ ಗೆರೆ ಬಂದೇ ಬರುತ್ತದೆ. ಅಲ್ಲಿ ನೋಡಬೇಕಾದದ್ದು ಕಾಲಂ ಮತ್ತು ಬೀಮನ್ನು. ಅವುಗಳಲ್ಲಿ ಕಬ್ಬಿಣದ ಸರಳಿನ ಗುಂಟ ಬಿರುಕು ಬಿಟ್ಟು ತುಕ್ಕಿನ ಕಲೆ ಕಂಡರೆ ಗೋಡೆ ಎಷ್ಟೇ ಚೆನ್ನಾಗಿರಲಿ, ವಿಷಯ ಗಂಭೀರ. ಲೋಡ್ ಬೇರಿಂಗ್ ಮನೆಯಲ್ಲಿ ಹೀಗೆ ಬೇರೆ ಕಡೆ ನೋಡುವ ಅನುಕೂಲ ಇಲ್ಲ. ಭಾರ ಹೋಗುವ ದಾರಿ, ಬಿರುಕು ಬಿಟ್ಟ ಜಾಗ, ಎರಡೂ ಅದೇ ಗೋಡೆ.

ಭಾರಕ್ಕೆ ಬಿರುಕು ಬಿಡುವುದು ಅಪರೂಪ

ಹುಬ್ಬಳ್ಳಿಯ ಆ ಮನೆ 1950ರ ದಶಕದ್ದು. ಸುಣ್ಣದ ಗಾರೆಯಲ್ಲಿ ಕಟ್ಟಿದ ಒಂದೂವರೆ ಇಟ್ಟಿಗೆಯ ಗೋಡೆ, ಅಂದರೆ ಸುಮಾರು 14 ಇಂಚು ದಪ್ಪ. ಪಾಯ ಕಲ್ಲಿನದು, ನಾಲ್ಕಡಿ ಆಳ. ಮೇಲೆ ಮೊದಲು ತೊಲೆ-ಜಂತೆ ಹಾಕಿದ ಮಣ್ಣಿನ ಮಾಳಿಗೆ ಇತ್ತು. ಸೋರುತ್ತದೆ ಎಂದು ಹದಿನೈದು ವರ್ಷದ ಹಿಂದೆ ಅದನ್ನು ಕೆಡವಿ ಆರ್‌ಸಿಸಿ ಸ್ಲ್ಯಾಬ್ ಹಾಕಿಸಿದ್ದರು. ಅದಾದ ಮೇಲೆ ಪಕ್ಕದಲ್ಲಿ ಒಂದು ಕೋಣೆ, ಅದು ಪಿಲ್ಲರಿನದು.

ಮನೆಯ ಅಜ್ಜಾರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ತಮ್ಮ ತೀರ್ಪು ಹೇಳಿಬಿಟ್ಟರು: "ಸ್ಲ್ಯಾಬಿನ ವಜ್ಜಿ ಜಾಸ್ತಿ ಆತ್ರಿ, ಹಳೇ ಗ್ವಾಡಿ ತಡೀಲಿಲ್ಲ."

ಎಲ್ಲರೂ ಹೇಳುವ ಮಾತು ಇದು. ಲೆಕ್ಕ ಹಾಕಿ ನೋಡಿದರೆ ತಿರುಗುಮುರುಗು. ಹಳೆ ಮಾಳಿಗೆಯ ಮಣ್ಣು ಒಂದಡಿ ದಪ್ಪ ಇತ್ತಂತೆ. ಒಣ ಮಣ್ಣು ಘನ ಮೀಟರಿಗೆ 1,600 ಕೆ.ಜಿ. ಎಂದಿಟ್ಟುಕೊಂಡರೂ ಚದರ ಮೀಟರಿಗೆ 480 ಕೆ.ಜಿ. ಆಯಿತು. ತೊಲೆ-ಜಂತೆ, ಮಳೆಗಾಲದ ನೀರು ಬೇರೆ. ಐದಿಂಚಿನ ಸ್ಲ್ಯಾಬ್ 310 ಕೆ.ಜಿ., ಮೇಲಿನ ಎರಡಿಂಚು ವಾಟರ್‌ಪ್ರೂಫಿಂಗ್ ಸೇರಿದರೆ ಸುಮಾರು 410. ಹೊಸ ಸೂರು ಹಳೆಯದಕ್ಕಿಂತ ಹಗುರ!

ಗೋಡೆಯ ಬುಡದಲ್ಲಿ ಎಷ್ಟು ಒತ್ತಡ ಬೀಳುತ್ತಿದೆ ಎಂದೂ ನೋಡೋಣ. ಒಂದು ಮೀಟರ್ ಉದ್ದದ ಗೋಡೆಯ ಸ್ವಂತ ಭಾರ ಸುಮಾರು 2.2 ಟನ್. ಅದರ ಪಾಲಿಗೆ ಬರುವ ಸೂರಿನ ಭಾರ 1.1 ಟನ್. ಒಟ್ಟು 3.3 ಟನ್, ಅದನ್ನು ಹೊರಲು 3,500 ಚದರ ಸೆಂ.ಮೀ. ಜಾಗ. ಅಂದರೆ ಚದರ ಸೆಂಟಿಮೀಟರಿಗೆ 1 ಕೆ.ಜಿ.ಗಿಂತಲೂ ಕಡಿಮೆ. ಸಾಧಾರಣ ಇಟ್ಟಿಗೆಯನ್ನು ಮಷೀನಿನಲ್ಲಿಟ್ಟು ಅದುಮಿದರೆ 35 ಕೆ.ಜಿ.ಯವರೆಗೆ ತಡೆಯುತ್ತದೆ. ಗಾರೆ ಮೆತ್ತಗಿದ್ದರೆ ಗೋಡೆಯಾಗಿ ಅದರ ತಾಕತ್ತು ಬಹಳ ಇಳಿಯುತ್ತದೆ, ನಿಜ. ಆದರೂ ಈ ಗೋಡೆ ಭಾರಕ್ಕೆ ಒಡೆಯುವ ಹತ್ತಿರವೂ ಇಲ್ಲ.

ಹಾಗಾದರೆ ಬಿರುಕು ಯಾಕೆ? ಇಟ್ಟಿಗೆ ಗೋಡೆಗೆ ಅದುಮಿದರೆ ಏನೂ ಆಗುವುದಿಲ್ಲ, ಎಳೆದರೆ ತಡೆಯುವುದಿಲ್ಲ. ಒಳಗೆ ಕಬ್ಬಿಣ ಇಲ್ಲ, ಎಳೆತವನ್ನು ಹಿಡಿದಿಡಲು ಗಾರೆಯ ಅಂಟು ಮಾತ್ರ. ನೆಲ ಒಂದು ಕಡೆ ಕುಸಿದರೆ, ಸ್ಲ್ಯಾಬ್ ಮೇಲಿನಿಂದ ಜಗ್ಗಿದರೆ, ಗೋಡೆಯ ಒಳಗೆ ಎಳೆತ ಹುಟ್ಟುತ್ತದೆ. ಎಳೆತ ಯಾವ ದಿಕ್ಕಿಗೋ ಅದಕ್ಕೆ ಸರಿ ಅಡ್ಡವಾಗಿ ಬಿರುಕು ಬಿಡುತ್ತದೆ. ಬಟ್ಟೆಯನ್ನು ಎಡಬಲಕ್ಕೆ ಎಳೆದರೆ ಮೇಲಿನಿಂದ ಕೆಳಕ್ಕೆ ಹರಿಯುತ್ತದಲ್ವಾ, ಹಾಗೆ. ಆದ್ದರಿಂದ ಬಿರುಕಿನ ಗೆರೆಯನ್ನು ನೋಡಿ ಎಳೆದವರು ಯಾರು ಎಂದು ಹಿಂದಕ್ಕೆ ಹೋಗಿ ಹುಡುಕಬಹುದು. ಕೆಳಗೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಇನ್ನೊಂದು ಸಣ್ಣ ವಿಷಯ. ಸುಣ್ಣದ ಅಥವಾ ಮಣ್ಣಿನ ಗಾರೆ ಇಟ್ಟಿಗೆಗಿಂತ ಮೆತ್ತಗೆ. ಹಾಗಾಗಿ ಹಳೆ ಗೋಡೆಯಲ್ಲಿ ಬಿರುಕು ಇಟ್ಟಿಗೆಯನ್ನು ಒಡೆಯದೆ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಗಟ್ಟಿ ಸಿಮೆಂಟ್ ಗಾರೆಯ ಗೋಡೆಯಲ್ಲಿ ಇಟ್ಟಿಗೆಯನ್ನೇ ಸೀಳಿಕೊಂಡು ಹೋಗುತ್ತದೆ. ಮೆಟ್ಟಿಲು ಬಿರುಕು ನೋಡಲು ಭಯಂಕರ, ಆದರೆ ಇಟ್ಟಿಗೆ ಉಳಿದಿರುತ್ತದೆ, ರಿಪೇರಿ ಸುಲಭ.

ಬಿರುಕು ಒಂದು: ಸ್ಲ್ಯಾಬಿನ ಕೆಳಗೆ ಅಡ್ಡ ಗೆರೆ

ಹಾಲಿನ ಎರಡೂ ಉದ್ದ ಗೋಡೆಗಳ ಮೇಲ್ತುದಿಯಲ್ಲಿ, ಸ್ಲ್ಯಾಬಿನಿಂದ ಒಂದು ವರಸೆ ಇಟ್ಟಿಗೆ ಕೆಳಗೆ, ದಾರ ಹಿಡಿದ ಹಾಗೆ ಅಡ್ಡಕ್ಕೆ ಒಂದು ಬಿರುಕು. ಮೂಲೆಗಳಲ್ಲಿ ಅಗಲ, ನಡುವೆ ಬರುತ್ತಾ ಬರುತ್ತಾ ಕೂದಲೆಳೆಯಾಗಿ ಮಾಯ. ಮೂಲೆಯ ಹತ್ತಿರ ಕೆಳಗಿನ ಗೋಡೆಗೂ ಸ್ವಲ್ಪ ಓರೆಯಾಗಿ ಇಳಿದಿತ್ತು.

ಇಲ್ಲಿ ಕಳ್ಳ ಬಿಸಿಲು. ಕಾಂಕ್ರೀಟ್ ಒಂದು ಡಿಗ್ರಿ ಕಾದರೆ ಪ್ರತಿ ಮೀಟರಿಗೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಇಟ್ಟಿಗೆ ಗೋಡೆ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಈ ಸ್ಲ್ಯಾಬ್ 12 ಮೀಟರ್ ಉದ್ದ. ಏಪ್ರಿಲ್ ಮಧ್ಯಾಹ್ನ ಅದು ಬೆಳಗಿಗಿಂತ ಸರಾಸರಿ 25 ಡಿಗ್ರಿ ಜಾಸ್ತಿ ಕಾದರೆ 3 ಮಿ.ಮೀ. ಬೆಳೆಯುತ್ತದೆ. ನೆರಳಿನಲ್ಲಿರುವ ಗೋಡೆ ಹತ್ತು ಡಿಗ್ರಿ ಕಾದು ಬೆಳೆಯುವುದು ಒಂದು ಮಿ.ಮೀ. ಕೂಡ ಇಲ್ಲ. ಉಳಿದ ಎರಡು ಚಿಲ್ಲರೆ ಮಿ.ಮೀ. ಎರಡು ತುದಿಗೆ ಹಂಚಿದರೆ, ಪ್ರತಿ ಮೂಲೆಯಲ್ಲೂ ಸ್ಲ್ಯಾಬ್ ಗೋಡೆಯ ತಲೆಯನ್ನು ದಿನವೂ ಒಂದು ಮಿ.ಮೀ. ಹೊರಕ್ಕೆ ನೂಕಿ ರಾತ್ರಿ ವಾಪಸ್ ಎಳೆಯುತ್ತದೆ. ನಡುವಿನಲ್ಲಿ ಸ್ಲ್ಯಾಬ್ ಅಲ್ಲಾಡುವುದಿಲ್ಲ, ಅದಕ್ಕೇ ನಡುವೆ ಬಿರುಕಿಲ್ಲ.

ಹಳೆ ಮಣ್ಣಿನ ಮಾಳಿಗೆಯಲ್ಲಿ ಇದು ಯಾಕೆ ಇರಲಿಲ್ಲ? ಒಂದಡಿ ಮಣ್ಣು ಬಿಸಿಲನ್ನು ಕೆಳಕ್ಕೆ ಬಿಡುತ್ತಿರಲಿಲ್ಲ. ತೊಲೆಗಳು ಗೋಡೆಯ ಗೂಡಿನಲ್ಲಿ ಸಡಿಲವಾಗಿ ಕೂತಿರುತ್ತಿದ್ದವು, ಅಲ್ಲಾಡಿದರೂ ಗೋಡೆಗೆ ಗೊತ್ತಾಗುತ್ತಿರಲಿಲ್ಲ. ಆರ್‌ಸಿಸಿ ಸ್ಲ್ಯಾಬನ್ನು ನೇರವಾಗಿ ಇಟ್ಟಿಗೆಯ ಮೇಲೆ ಸುರಿದಾಗ ಅದು ಕಚ್ಚಿಕೊಂಡು ಕೂತಿತು. ಅಂದರೆ ಅಜ್ಜಾರು ಹೇಳಿದ್ದು ಅರ್ಧ ಸರಿ, ತಪ್ಪು ಸ್ಲ್ಯಾಬಿನದೇ. ಆದರೆ ಅದರ ಭಾರದ್ದಲ್ಲ, ಅದರ ಓಡಾಟದ್ದು.

ಖಾತ್ರಿ ಮಾಡಿಕೊಳ್ಳಲು ಒಂದು ಪೆನ್ಸಿಲ್ ಸಾಕು. ಬೆಳಿಗ್ಗೆ ಏಳಕ್ಕೆ ಮೂಲೆಯ ಹತ್ತಿರ ಬಿರುಕನ್ನು ದಾಟುವಂತೆ ಮೇಲಿನಿಂದ ಕೆಳಕ್ಕೆ ಒಂದು ತೆಳ್ಳನೆಯ ನೇರ ಗೆರೆ ಎಳೆದೆ. ಸಂಜೆ ನಾಲ್ಕಕ್ಕೆ ಏಣಿ ಹತ್ತಿ ನೋಡಿದರೆ ಗೆರೆ ಬಿರುಕಿನಲ್ಲಿ ಕಡಿದಿತ್ತು. ಮೇಲಿನ ತುಂಡು ಮೂಲೆಯ ಕಡೆಗೆ, ಗೆರೆಯ ದಪ್ಪಕ್ಕಿಂತ ಜಾಸ್ತಿ, ಸರಿದಿತ್ತು. ಅಜ್ಜಾರನ್ನೂ ಏಣಿಯ ಎರಡು ಮೆಟ್ಟಿಲು ಹತ್ತಿಸಿ ತೋರಿಸಿದೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಮರುದಿನ ಬೆಳಿಗ್ಗೆ ಎರಡು ತುಂಡೂ ಮತ್ತೆ ಒಂದೇ ನೇರಕ್ಕೆ ಬಂದಿದ್ದವು.

ಎರಡು ಮಹಡಿಯ ಮನೆಯಾದರೆ ಈ ಥರದ ಬಿರುಕು ಮೇಲಿನ ಮಹಡಿಯಲ್ಲಿ ಮಾತ್ರ ಇರುತ್ತದೆ. ಕೆಳಗಿನ ಸ್ಲ್ಯಾಬಿಗೆ ಬಿಸಿಲು ಬೀಳುವುದಿಲ್ಲವಲ್ಲ. ಕೆಳಗೂ ಇದ್ದರೆ ಬೇರೆ ಕಾರಣ ಹುಡುಕಿ.

ಬಿರುಕು ಎರಡು: ಮೂಲೆಯ ಕಡೆಗೆ ಹತ್ತುವ ಓರೆ ಬಿರುಕು

ಮನೆಯವರಿಗೆ ನಿಜವಾಗಿ ನಿದ್ದೆಗೆಡಿಸಿದ್ದು ಇದು. ನೈಋತ್ಯ ಮೂಲೆಯ ಗೋಡೆಯಲ್ಲಿ, ಮೂಲೆಯಿಂದ ಎಂಟಡಿ ಈಚೆ ನೆಲದ ಹತ್ತಿರ ಕೂದಲೆಳೆಯಾಗಿ ಶುರುವಾಗಿ, ಕಿಟಕಿಯ ಕೆಳಮೂಲೆ ಸೇರಿ, ಎದುರಿನ ಮೇಲ್ಮೂಲೆಯಿಂದ ಹೊರಟು, ಮನೆಯ ಮೂಲೆಯ ಕಡೆಗೆ ಮೆಟ್ಟಿಲಾಗಿ ಹತ್ತಿತ್ತು. ಮೇಲೆ ಬೆರಳಿನ ಉಗುರು ಹೋಗುವಷ್ಟು ಅಗಲ, ನಾಲ್ಕು ಮಿ.ಮೀ. ಹತ್ತಿರ.

ಕುಸಿತದ ಬಿರುಕಿಗೆ ನೆನಪಿಡಬೇಕಾದ ನಿಯಮ ಒಂದೇ: ಓರೆ ಬಿರುಕು ಯಾವ ಕಡೆಗೆ ಹತ್ತುತ್ತದೋ ಆ ಕಡೆಯ ಪಾಯ ಕುಸಿದಿದೆ. ಬಲ ತುದಿ ಕೆಳಗಿಳಿದರೆ ಗೋಡೆಯೊಳಗೆ ಮೇಲಿನ ಎಡದಿಂದ ಕೆಳಗಿನ ಬಲಕ್ಕೆ ಎಳೆತ ಬೀಳುತ್ತದೆ. ಅದಕ್ಕೆ ಅಡ್ಡ ಅಂದರೆ ಕೆಳಗಿನ ಎಡದಿಂದ ಮೇಲಿನ ಬಲಕ್ಕೆ. ತಲೆಕೆಡಿಸುವುದಾದರೆ ಒಂದು ಕಾಗದದ ಮೇಲೆ ಚೌಕ ಬರೆದು ಬಲಬದಿಯನ್ನು ಸ್ವಲ್ಪ ಇಳಿಸಿ ನೋಡಿ, ಯಾವ ಕರ್ಣ ಉದ್ದವಾಯಿತು ಎಂದು ಗೊತ್ತಾಗುತ್ತದೆ.

ಎರಡನೆಯ ಸುಳಿವು ಅಗಲ. ಮನೆಯ ತುದಿಗಳು ಕುಸಿದು ನಡುಭಾಗ ಗೂನಾಗಿ ಉಳಿದರೆ ಬಿರುಕು ಮೇಲೆ ಅಗಲ, ಕೆಳಗೆ ಸಪೂರ. ನಡುವೆ ಕುಸಿದು ತುದಿಗಳು ಉಳಿದರೆ ಬಿರುಕುಗಳು ಎರಡೂ ಕಡೆಯಿಂದ ನಡುವಿಗೆ ಹತ್ತಿ ಕಮಾನಿನ ಹಾಗೆ ಕಾಣುತ್ತವೆ, ಕೆಳಗೆ ಅಗಲ. ಬಿರುಕು ಕಿಟಕಿ ಮೂಲೆಗಳನ್ನೇ ಹುಡುಕಿಕೊಂಡು ಹೋಗುವುದಕ್ಕೆ ಕಾರಣ ಸರಳ. ಕಿಟಕಿ ಇದ್ದಲ್ಲಿ ಗೋಡೆ ಕಡಿಮೆ, ಎಳೆತವೆಲ್ಲ ಮೂಲೆಯನ್ನು ಸುತ್ತಿ ಹೋಗಬೇಕು. ಕಿಟಕಿಯನ್ನು ದೂರಬೇಡಿ. ಅದು ಸುಮ್ನೆ ದಾರಿ ಕೊಟ್ಟಿದೆ.

ಇಲ್ಲಿ ಎರಡೂ ಸುಳಿವು ಒಂದೇ ಕಡೆ ಬೊಟ್ಟು ಮಾಡುತ್ತಿದ್ದವು: ನೈಋತ್ಯ ಮೂಲೆ ಇಳಿದಿದೆ. ಹೊರಗೆ ಹೋಗಿ ನೋಡಿದರೆ ಮೂಲೆಯಿಂದ ಹತ್ತು ಹನ್ನೆರಡು ಅಡಿಯಲ್ಲಿ ದೊಡ್ಡ ಬೇವಿನ ಮರ. ನೆಲ ಎರೆಮಣ್ಣು. ಹುಬ್ಬಳ್ಳಿ, ಗದಗ, ವಿಜಯಪುರದ ಕಡೆಯವರಿಗೆ ಈ ಮಣ್ಣಿನ ಗುಣ ಹೇಳಬೇಕಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಮನೆಯ ನಡುಭಾಗದ ಕೆಳಗಿನ ಮಣ್ಣು ವರ್ಷವಿಡೀ ಹೆಚ್ಚು ಕಡಿಮೆ ಒಂದೇ ತೇವದಲ್ಲಿರುತ್ತದೆ, ಸೂರು ಅದಕ್ಕೆ ಕೊಡೆ. ಅಂಚಿನ ಮಣ್ಣು ಮಾತ್ರ ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಉಬ್ಬುತ್ತದೆ. ಮರ ಇದ್ದ ಮೂಲೆಯಲ್ಲಿ ಬೇರು ಇರುವ ನೀರನ್ನೂ ಹೀರಿ ಇನ್ನಷ್ಟು ಕುಗ್ಗಿಸುತ್ತದೆ. ನಾಲ್ಕಡಿ ಪಾಯ ಈ ಏರಿಳಿತದ ಮಣ್ಣಿನ ಮೇಲೇ ಕೂತಿದೆ. ಇವತ್ತು ಇಂಥ ಮಣ್ಣಿನಲ್ಲಿ ಬುಡ ಉಬ್ಬಿಸಿದ ಪೈಲ್ ಹಾಕಿ ಸುಮಾರು ಮೂರೂವರೆ ಮೀಟರ್ ಕೆಳಕ್ಕೆ, ಮಣ್ಣು ಅಲ್ಲಾಡದ ಆಳಕ್ಕೆ ಇಳಿಯುತ್ತಾರೆ.

ಇದೇ ಕುಸಿತ ಕಾಲಂ ಮನೆಗೆ ಬಂದಿದ್ದರೆ? ಮೂಲೆಯ ಫುಟಿಂಗ್ ಇಳಿದಾಗ ಬೀಮುಗಳು ಬಾಗಿ ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತವೆ. ಪರದೆ ಗೋಡೆಯಲ್ಲಿ ಓರೆ ಬಿರುಕು ಬರುತ್ತದೆ, ಬಾಗಿಲು ಹಿಡಿಯುತ್ತದೆ. ಗೋಡೆ ನೋಡಲು ಪರವಾಗಿಲ್ಲ ಅನಿಸಿದರೂ ಬೀಮು ಕಾಲಂ ಸೇರುವ ಜಾಗದಲ್ಲಿ ಪೆಟ್ಟು ಅಡಗಿ ಕೂತಿರಬಹುದು. ಸುಣ್ಣದ ಗೋಡೆ ಈ ವಿಷಯದಲ್ಲಿ ಪ್ರಾಮಾಣಿಕ. ಆದದ್ದನ್ನೆಲ್ಲ ಮುಖದ ಮೇಲೆ ತೋರಿಸುತ್ತದೆ, ನಿಧಾನವಾಗಿ ಆದ ಕುಸಿತಕ್ಕೆ ಗಾರೆಯಲ್ಲೇ ಹೊಂದಿಕೊಳ್ಳುತ್ತದೆ.

ಅಳತೆ, ಮತ್ತು ನಾನು ಮಾಡಿದ ತಪ್ಪು

ಬಿರುಕು ಎಷ್ಟು ಅಗಲ ಎನ್ನುವುದಕ್ಕಿಂತ ಅದು ಬೆಳೆಯುತ್ತಿದೆಯೋ, ಬರೀ ಉಸಿರಾಡುತ್ತಿದೆಯೋ ಎಂಬುದು ದೊಡ್ಡ ಪ್ರಶ್ನೆ. ಹಳಬರು ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸುತ್ತಿದ್ದರು. ಗಾಜು ಒಡೆದರೆ ಬಿರುಕು ಚಲಿಸಿದೆ ಎಂದಷ್ಟೇ ಗೊತ್ತಾಗುತ್ತದೆ. ಎಷ್ಟು, ಯಾವ ಕಡೆಗೆ ಎಂಬುದು ಗೊತ್ತಾಗುವುದಿಲ್ಲ. ನಾನು ಬಿರುಕಿನ ಆಚೆ ಒಂದು, ಈಚೆ ಒಂದು ಸ್ಟೀಲ್ ಸ್ಕ್ರೂ ಪ್ಲಗ್ ಹಾಕಿ ಕೂರಿಸುತ್ತೇನೆ. ಪ್ಲಾಸ್ಟರಿನಲ್ಲಿ ಬೇಡ, ಇಟ್ಟಿಗೆಗೆ ಹೋಗಬೇಕು. ನಡುವಿನ ಅಂತರವನ್ನು ವರ್ನಿಯರಿನಲ್ಲಿ ಅಳೆದು, ತಾರೀಖು ಹಾಕಿ ಬರೆದಿಡಬೇಕು. ಯಾವಾಗಲೂ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆಯಿರಿ, ಇಲ್ಲದಿದ್ದರೆ ಬಿಸಿಲಿನ ಲೆಕ್ಕ ನಡುವೆ ಸೇರಿಕೊಳ್ಳುತ್ತದೆ.

ಈ ಮನೆಗೆ ಮೊದಲು ಹೋದದ್ದು ಮೇ ತಿಂಗಳಲ್ಲಿ. ಮನೆಯಲ್ಲಿ ಒಂದು ಸೀಮಂತ ಇತ್ತು. "ಈಗ ಏನಾರ ಮಾಡ್ರಿ ಸರ, ಬಂದವರೆಲ್ಲ ಅದನ್ನ ನೋಡ್ತಾರ" ಎಂದು ಮನೆಯಾಕೆ ಕೇಳಿಕೊಂಡರು. ಅಳತೆಗೆ ಕಾಯಬೇಕು ಎಂದು ಗೊತ್ತಿದ್ದೂ, ಗೌಂಡಿಯಿಂದ ಬಿರುಕಿಗೆ ಸಿಮೆಂಟ್ ಕಲಸಿ ಗಟ್ಟಿಯಾಗಿ ತುಂಬಿಸಿದೆ. ಆಗಸ್ಟಿನಲ್ಲಿ ಫೋನ್ ಬಂತು. ತುಂಬಿದ ಪಟ್ಟಿಯ ಎರಡೂ ಬದಿಗೆ ಪ್ಲಾಸ್ಟರ್ ಎದ್ದು ಚಕ್ಕೆ ಉದುರಿತ್ತು. ಪಕ್ಕದಲ್ಲಿ ಹೊಸದೊಂದು ಬಿರುಕು. ಮಳೆ ಬಂದು ಮೂಲೆ ಮೇಲೆದ್ದಿತ್ತು, ಬಿರುಕು ಮುಚ್ಚಿಕೊಳ್ಳಲು ಬಂದಿತ್ತು, ನಡುವೆ ನನ್ನ ಸಿಮೆಂಟು ಬೆಣೆಯ ಹಾಗೆ ಕೂತಿತ್ತು. ಅದನ್ನೆಲ್ಲ ಕೆತ್ತಿ ತೆಗೆಸಿ ಸ್ಕ್ರೂ ಹಾಕಿದೆ.

ಸೆಪ್ಟೆಂಬರ್ ಕೊನೆಗೆ ಅಂತರ 149.8 ಮಿ.ಮೀ. ಇತ್ತು. ಜನವರಿಯಲ್ಲಿ 150.9. ಏಪ್ರಿಲ್ ಕೊನೆಗೆ 152.7. ಮತ್ತೆ ಮುಂದಿನ ಸೆಪ್ಟೆಂಬರಿನಲ್ಲಿ 149.9. ಸುಮಾರು ಮೂರು ಮಿ.ಮೀ. ಆಡಿ ಮೊದಲಿನ ಜಾಗಕ್ಕೇ ಬಂದಿದೆ. ಅಂದರೆ ಋತುವಿನ ಬಿರುಕು, ಮನೆ ಬೀಳುತ್ತಿಲ್ಲ. ಎರಡನೆಯ ಸೆಪ್ಟೆಂಬರಿನಲ್ಲಿ 151 ದಾಟಿದ್ದರೆ ನನ್ನ ಮಾತೇ ಬೇರೆ ಇರುತ್ತಿತ್ತು. ಒಂದು ವರ್ಷದ ಸುತ್ತು ಮುಗಿಯದೆ ಇದನ್ನು ಹೇಳುವುದು ಜೂಜು.

ಬಿರುಕು ಮೂರು: ಹಳೇದು ಹೊಸದು ಸೇರುವಲ್ಲಿ ನೇರ ಗೆರೆ

ಇದು ಬೇಗ ಮುಗಿಯುವ ಕಥೆ. ಪಿಲ್ಲರ್ ಕೋಣೆಯ ಗೋಡೆಯನ್ನು ಹಳೆ ಗೋಡೆಗೆ ಇಟ್ಟಿಗೆ ಹಲ್ಲು ಬಿಟ್ಟು ಕಚ್ಚಿಸಿದ್ದರು. ಅಲ್ಲಿ ನೆಲದಿಂದ ಸ್ಲ್ಯಾಬಿನವರೆಗೆ ನೆಟ್ಟಗೆ ಒಂದು ಬಿರುಕು, ಮೇಲೆ ಕೆಳಗೆ ಹೆಚ್ಚು ಕಡಿಮೆ ಒಂದೇ ಅಗಲ. ಹಳೆ ಗೋಡೆಯ ಕೆಳಗಿನ ಮಣ್ಣು ಅರವತ್ತು ಎಪ್ಪತ್ತು ವರ್ಷ ಅದುಮಿಸಿಕೊಂಡು ಕೂತುಬಿಟ್ಟಿದೆ. ಹೊಸ ಫುಟಿಂಗ್ ಈಗ ತನ್ನ ಜಾಗ ಮಾಡಿಕೊಳ್ಳುತ್ತಿದೆ. ಒಂದು ಭಾರವನ್ನು ಉದ್ದಕ್ಕೂ ಹರಡುತ್ತದೆ, ಇನ್ನೊಂದು ನಾಲ್ಕು ಬಿಂದುವಿನಲ್ಲಿ ಚುಚ್ಚುತ್ತದೆ. ಇವೆರಡೂ ಜೊತೆಯಾಗಿ ಇಳಿಯುವುದಿಲ್ಲ. ಕಟ್ಟುವಾಗಲೇ ಒಂದಿಂಚು ಸಂದು ಬಿಟ್ಟು ಬೇರೆ ಬೇರೆ ನಿಲ್ಲಿಸಬೇಕಿತ್ತು. ಬಿಡಲಿಲ್ಲ, ಮನೆ ತಾನೇ ಬಿಟ್ಟುಕೊಂಡಿತು.

ಇವು ಕಂಡರೆ ಅಳತೆ ಮಾಡುತ್ತಾ ಕೂರಬೇಡಿ

ಮೇಲಿನದೆಲ್ಲ ಕಾಯಬಹುದಾದ ಬಿರುಕುಗಳು. ಕಾಯಬಾರದ್ದೂ ಇವೆ. ತೊಲೆ ಅಥವಾ ಬೀಮ್ ಗೋಡೆಯ ಮೇಲೆ ಕೂತ ಜಾಗದ ಸರಿ ಕೆಳಗೆ ಎರಡು ಮೂರು ಉದ್ದ ಬಿರುಕು ಒತ್ತೊತ್ತಾಗಿ ನೆಟ್ಟಗೆ ಇಳಿದಿದ್ದರೆ, ಅಲ್ಲಿ ಗೋಡೆ ನಿಜವಾಗಿಯೂ ಭಾರಕ್ಕೆ ಸೀಳುತ್ತಿದೆ. ಇಟ್ಟಿಗೆಯನ್ನು ಮೇಲಿನಿಂದ ಅದುಮಿದರೆ ಅದು ಪಕ್ಕಕ್ಕೆ ಹಿಗ್ಗಲು ನೋಡುತ್ತದೆ, ಆಗ ಬಿರುಕು ನೆಟ್ಟಗೆ ಬೀಳುತ್ತದೆ. ತೊಲೆಯ ಕೆಳಗೆ ಭಾರ ಹರಡುವ ಕಲ್ಲು ಇಟ್ಟಿರುವುದಿಲ್ಲ, ಅಥವಾ ಹಾಲ್ ದೊಡ್ಡದು ಮಾಡುತ್ತೇವೆ ಎಂದು ಯಾರೋ ನಡುಗೋಡೆ ಒಡೆದು ಬೀಮ್ ಹಾಕಿಸಿರುತ್ತಾರೆ. ಕಾಲಂ ಮನೆಯಲ್ಲಿ ನಡುಗೋಡೆ ತೆಗೆಯುವುದು ಗೌಂಡಿಯ ಒಂದು ದಿನದ ಕೆಲಸ. ಲೋಡ್ ಬೇರಿಂಗ್ ಮನೆಯಲ್ಲಿ ಅದೇ ಕೆಲಸ ಮನೆಯ ಕಾಲು ತೆಗೆದ ಹಾಗೆ.

ಇನ್ನೊಂದು, ಗೋಡೆ ಹೊಟ್ಟೆ ಬಿಡುವುದು. ಹಳೆ ಕಲ್ಲಿನ ಗೋಡೆಗಳು ಎಷ್ಟೋ ಕಡೆ ಎರಡು ಪದರ, ನಡುವೆ ಚೂರು ಕಲ್ಲು ಮಣ್ಣು ತುಂಬಿದ್ದು. ನೀರು ಇಳಿದರೆ ಪದರಗಳು ಬೇರೆಯಾಗಿ ಹೊರಗಿನದು ಉಬ್ಬುತ್ತದೆ. ಇಲ್ಲಿ ಬಿರುಕೇ ಕಾಣದಿರಬಹುದು. ಮೇಲಿನಿಂದ ತೂಗುಗುಂಡು ಬಿಟ್ಟು ನೋಡಿ. ಗೋಡೆ ನಡುವೆ ದಾರಕ್ಕೆ ಒತ್ತಿಕೊಂಡಿದ್ದರೆ ಸೂರಿಗೆ ಆಸರೆ ಕೊಟ್ಟು ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಸಿ. ಆ ಕೋಣೆಯಲ್ಲಿ ಮಲಗಬೇಡಿ. ನಿನ್ನೆ ಸರಾಗವಾಗಿದ್ದ ಬಾಗಿಲು ಇವತ್ತು ಸಿಕ್ಕಿಕೊಂಡರೆ, ಬಿರುಕಿನಿಂದ ಹೊಸ ಪುಡಿ ಉದುರುತ್ತಿದ್ದರೆ ಕೂಡ ಇದೇ ಮಾತು.

ಕೊನೆಗೆ ಮಾಡಿದ ಕೆಲಸ

ಸ್ಲ್ಯಾಬಿನ ಬಿರುಕಿಗೆ ಮೊದಲು ಮೇಲೆ ಕೆಲಸ. ತಾರಸಿಗೆ ಬಿಳಿ ಟೈಲ್ಸ್ ಚೂರು ಹಾಕಿಸಿದೆವು, ಬಿಸಿಲು ಹೀರುವುದು ಕಡಿಮೆಯಾಗಲಿ ಎಂದು. ಆಮೇಲೆ ಕೆಳಗೆ ಬಿರುಕಿನ ಗುಂಟ ಪ್ಲಾಸ್ಟರನ್ನು ಅರ್ಧ ಇಂಚು ಅಗಲ ನೇರವಾಗಿ ಕೊಯ್ದು, ರಬ್ಬರಿನಂತೆ ಹಿಗ್ಗುವ ಸೀಲಂಟ್ ತುಂಬಿಸಿದೆವು. ಸ್ಲ್ಯಾಬ್ ಓಡಾಡುವುದು ನಿಲ್ಲುವುದಿಲ್ಲ, ಓಡಾಡಲು ಜಾಗ ಮಾಡಿಕೊಟ್ಟೆವು ಅಷ್ಟೇ. ಹೊಸದಾಗಿ ಗೋಡೆ ಮೇಲೆ ಸ್ಲ್ಯಾಬ್ ಹಾಕುವವರು ಗೋಡೆಯ ತಲೆಯನ್ನು ಸಿಮೆಂಟಿನಲ್ಲಿ ನುಣ್ಣಗೆ ತಿಕ್ಕಿಸಿ, ಒಣಗಿದ ಮೇಲೆ ಎರಡು ಪದರ ಪ್ಲಾಸ್ಟಿಕ್ ಹಾಳೆ ಹಾಸಿ ಕಾಂಕ್ರೀಟ್ ಸುರಿದರೆ ಈ ತಾಪತ್ರಯ ಬಹಳಷ್ಟು ತಪ್ಪುತ್ತದೆ.

ಮೂರನೆಯದಕ್ಕೆ ಬಿರುಕನ್ನೇ ಸಂದು ಮಾಡಿದೆವು. ಕಚ್ಚಿಸಿದ ಇಟ್ಟಿಗೆ ಹಲ್ಲುಗಳನ್ನು ಕೊಯ್ದು ಬಿಡಿಸಿ, ಮೇಲೆ ಅಲ್ಯೂಮಿನಿಯಂ ಪಟ್ಟಿ ಮುಚ್ಚಿದೆವು. ಪಟ್ಟಿಗೆ ಒಂದು ಬದಿಗೆ ಮಾತ್ರ ಸ್ಕ್ರೂ. ಎರಡೂ ಬದಿಗೆ ಬಡಿದರೆ ಪಟ್ಟಿಯೇ ಬಾಗುತ್ತದೆ.

ಎರಡನೆಯದಕ್ಕೆ ಗೋಡೆ ಮುಟ್ಟುವ ಮೊದಲು ನೆಲಕ್ಕೆ ಔಷಧಿ. ಬಚ್ಚಲ ನೀರು ಅದೇ ಮೂಲೆಯ ಹತ್ತಿರ ಬಿಡುತ್ತಿದ್ದರು, ಅದನ್ನು ಪೈಪಿನಲ್ಲಿ ದೂರ ಒಯ್ದೆವು. ಮನೆಯ ಸುತ್ತ ಆರಡಿ ಅಗಲ, ಹೊರಕ್ಕೆ ಇಳಿಜಾರಾಗಿ ನೆಲ ಮುಚ್ಚಿಸಿದೆವು, ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ. ಅಂಚಿನ ಮಣ್ಣು ಒಮ್ಮೆಲೇ ತೋಯಬಾರದು, ಒಮ್ಮೆಲೇ ಒಣಗಬಾರದು ಎಂಬುದು ಉದ್ದೇಶ. ಬೇವಿನ ಮರ ಕಡಿಯೋಣ ಎಂದು ಮನೆಯ ಮಗ ಹೇಳಿದ್ದ. ಬೇಡ ಎಂದೆ. ವರ್ಷಗಟ್ಟಲೆ ಒಣಗಿದ ಎರೆಮಣ್ಣಿಗೆ ಮರ ಹೋದ ಮೇಲೆ ನೀರು ಸೇರುತ್ತಾ ಹೋಗಿ ಅದು ಉಬ್ಬುತ್ತದೆ, ಆಗ ಮೂಲೆ ಇಳಿಯುವ ಬದಲು ಏಳಲು ಶುರುವಾಗುತ್ತದೆ. ಕೊಂಬೆ ಸವರಿಸಿ, ಮರಕ್ಕೂ ಗೋಡೆಗೂ ನಡುವೆ ಕಂದಕ ತೋಡಿ ಬೇರು ದಾಟದಂತೆ ತಡೆ ಹಾಕಿದೆವು.

ನೆಲದ ಕೆಲಸ ಆದ ಮೇಲೆ ಇನ್ನೊಂದು ಬೇಸಿಗೆ, ಇನ್ನೊಂದು ಮಳೆಗಾಲ ಸ್ಕ್ರೂ ಅಳೆದೆವು. ಮೂರು ಮಿ.ಮೀ. ಆಡುತ್ತಿದ್ದದ್ದು ಒಂದು ಚಿಲ್ಲರೆಗೆ ಇಳಿದಿತ್ತು. ಆಗ, ಜನವರಿಯಲ್ಲಿ, ಬಿರುಕು ಪೂರ್ತಿ ತೆರೆದೂ ಇಲ್ಲದ ಮುಚ್ಚಿಯೂ ಇಲ್ಲದ ಹೊತ್ತಿನಲ್ಲಿ ಗೋಡೆ ಮುಟ್ಟಿದೆವು. ನಾಲ್ಕು ವರಸೆಗೊಂದರಂತೆ ಅಡ್ಡ ಸಂದು ಕೆತ್ತಿ, ಬಿರುಕಿನ ಆಚೀಚೆ ಒಂದೂವರೆ ಅಡಿ ಹೋಗುವಂತೆ 6 ಮಿ.ಮೀ. ಸ್ಟೇನ್‌ಲೆಸ್ ಸರಳು ಹುದುಗಿಸಿ ಹೊಲಿಗೆ ಹಾಕಿದ ಹಾಗೆ ಮಾಡಿದೆವು. ಬಿರುಕಿಗೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ. ಗೌಂಡಿ ಸಿಮೆಂಟ್ ಚೀಲ ತಂದಿಟ್ಟುಕೊಂಡಿದ್ದ, "ಒಂದ್ ಹಿಡಿ ಹಾಕೂಣ್ರಿ, ಗಟ್ಟಿ ಆಕ್ಕತಿ" ಎಂದು ಎರಡು ಸಲ ಕೇಳಿದ. ಎರಡು ಸಲವೂ ಬೇಡ ಎಂದೆ. ಏಪ್ರಿಲಿನಲ್ಲಿ ಸುಣ್ಣದ ಗಾರೆಯ ಅಂಚಿನಲ್ಲಿ ಒಂದು ಕೂದಲೆಳೆ ಗೆರೆ ಕಂಡಿತು, ಮಳೆ ಬಿದ್ದ ಮೇಲೆ ಅದು ಕಾಣಲಿಲ್ಲ. ಸ್ಕ್ರೂಗಳನ್ನು ತೆಗೆದಿಲ್ಲ, ಅಜ್ಜಾರು ಈಗಲೂ ತಿಂಗಳ ಮೊದಲ ಸೋಮವಾರ ಅಳೆದು ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಾರೆ.